‘ಮಳೆಗಾಲ ಹೊರತುಪಡಿಸಿ’ ಅಂದರೆ ಯಾವ ತಿಂಗಳು? ಟೆಂಡರ್ ಪ್ರಕಟಣೆಯನ್ನು ಇಂಗ್ಲಿಷಿಗೆ ತರುವಾಗ

(ಮಡಿಕೇರಿಯಲ್ಲಿ ಟೈಪಿಂಗ್, ಅನುವಾದ, ಗುತ್ತಿಗೆದಾರರ ಕಡತದ ಕೆಲಸ ಮಾಡುವವರ ಮುಂದೆ ಮಾತಾಡಿದ್ದನ್ನು ಬರಹಕ್ಕೆ ಇಳಿಸಿದ್ದೇನೆ. ಮಾತಿನ ವರಸೆ ಹಾಗೇ ಇದೆ, ಮಧ್ಯೆ ಕರೆಂಟ್ ಹೋದ ಹತ್ತು ನಿಮಿಷ ಮಾತ್ರ ಇಲ್ಲ.)

ನಾನು ಈ ಕೆಲಸಕ್ಕೆ ಬಂದಿದ್ದು ಅಡ್ಡದಾರಿಯಿಂದ. ಟೈಪಿಂಗ್ ಅಂಗಡಿ ಇತ್ತು, ಅರ್ಜಿ ಟೈಪ್ ಮಾಡುತ್ತಿದ್ದೆ, ಒಂದು ದಿನ ಯಾರೋ ಟೆಂಡರ್ ಪ್ರಕಟಣೆ ತಂದು ‘ಅಕ್ಕ, ಇದನ್ನು ಇಂಗ್ಲಿಷಲ್ಲಿ ಮಾಡಿಕೊಡಿ, ಕಣ್ಣೂರಿನ ಪಾರ್ಟಿಗೆ ಕಳಿಸಬೇಕು’ ಅಂದರು. ಎರಡು ಪುಟ. ಒಂದು ಗಂಟೆಯಲ್ಲಿ ಮುಗಿಸಿದೆ. ಈಗ ಅದೇ ಎರಡು ಪುಟಕ್ಕೆ ನನಗೆ ಒಂದು ಇಡೀ ದಿನ ಬೇಕು, ಜೊತೆಗೆ ನಾಲ್ಕೈದು ಫೋನ್ ಕಾಲ್ ಬೇಕು. ನಿಧಾನ ಆಗಿದ್ದು ಯಾಕೆ ಅಂತ ಹೇಳುವುದೇ ಇವತ್ತಿನ ಮಾತು.

ಒಂದೇ ಒಂದು ಪ್ರಕಟಣೆ ತೆಗೆದುಕೊಳ್ಳೋಣ. ಕಚೇರಿ ಯಾವುದು ಅಂತ ಹೇಳುವುದಿಲ್ಲ, ಅಂಕಿಗಳನ್ನೂ ಸ್ವಲ್ಪ ಬದಲಿಸಿದ್ದೇನೆ. ರಸ್ತೆ ಬದಿಯ ತಡೆಗೋಡೆ ಕಾಮಗಾರಿ. ಕೆಲಸದ ಹೆಸರೇ ಹೀಗಿತ್ತು: ‘ಬರೆ ಕುಸಿದಿರುವ ಸ್ಥಳದಲ್ಲಿ ತಡೆಗೋಡೆ ಹಾಗೂ ಚರಂಡಿ ನಿರ್ಮಾಣ’. ನಮಗೆ ಇದರಲ್ಲಿ ಏನೂ ವಿಶೇಷ ಇಲ್ಲ, 2018ರ ಆಗಸ್ಟ್ ನೋಡಿದವರಿಗೆ ಬರೆ ಕುಸಿತ ಅಂದರೆ ಬಿಡಿಸಿ ಹೇಳಬೇಕಿಲ್ಲ. ಆದರೆ ನಿಘಂಟು ತೆಗೆದು ನೋಡಿ. ಬರೆ ಅಂದರೆ ಬರೆಯುವುದು, ಇಲ್ಲವೇ ಕಾದ ಕಬ್ಬಿಣದಿಂದ ಹಾಕುವ ಬರೆ. ರಸ್ತೆಗಾಗಿ ಕಡಿದ ಗುಡ್ಡದ ಆ ನೆಟ್ಟಗಿನ ಮಣ್ಣಿನ ಮೈಗೆ ನಾವು ಬರೆ ಅನ್ನುತ್ತೇವೆ, ಅದು ಇಂಗ್ಲಿಷಿಗೆ ಬಂದಾಗ ‘ಕಟ್ ಸ್ಲೋಪ್’ ಆಗಬೇಕು. ‘ಲ್ಯಾಂಡ್‌ಸ್ಲೈಡ್’ ಅಂತ ಬರೆದರೆ ಹೊರಗಿನವರು ಇಡೀ ಗುಡ್ಡ ಜಾರಿದೆ ಅಂದುಕೊಂಡು ಬೇರೆಯೇ ಲೆಕ್ಕ ಹಾಕುತ್ತಾರೆ. ಪೈಸಾರಿ, ಬಾಣೆ ಅನ್ನುವ ನಮ್ಮ ಕಡೆಯ ಜಮೀನಿನ ಹೆಸರುಗಳೂ ಹಾಗೆಯೇ. ಅವನ್ನು ಅನುವಾದ ಮಾಡಲು ಹೋಗಬೇಡಿ, ಹಾಗೇ ಇಟ್ಟು ಪಕ್ಕದಲ್ಲಿ ಅರ್ಧ ಸಾಲಿನ ವಿವರಣೆ ಕೊಡಿ. ಸರಿ, ಇದು ಸುಲಭದ ಭಾಗ. ಗೊತ್ತಿಲ್ಲದ ಪದ ಬಂದರೆ ನಾವೇ ನಿಂತು ಯೋಚಿಸುತ್ತೇವೆ. ನಮ್ಮನ್ನು ಬೀಳಿಸುವುದು ಗೊತ್ತಿರುವ ಪದಗಳು.

ಪ್ರಕಟಣೆಯಲ್ಲಿ ಒಂದು ಕೋಷ್ಟಕ ಇತ್ತು. ಒಂದು ಕಾಲಂನ ತಲೆಯಲ್ಲಿ ‘ಅಂದಾಜು ಮೊತ್ತ, ರೂ. ಲಕ್ಷಗಳಲ್ಲಿ’, ಕೆಳಗೆ 186.00. ಪಕ್ಕದ ಕಾಲಂನಲ್ಲಿ ‘ಇ.ಎಂ.ಡಿ., ರೂ.ಗಳಲ್ಲಿ’, ಅಂದರೆ ಟೆಂಡರ್ ಜೊತೆ ಇಡುವ ಠೇವಣಿ, ಕೆಳಗೆ 1,86,000. ಒಂದೇ ಕೋಷ್ಟಕ, ಎರಡು ಅಳತೆ. ಕಾಲಂ ಅಗಲ ಸಾಲದೆ ತಲೆಬರಹ ಕಿರಿದು ಮಾಡುವಾಗ ಮೊದಲು ಹಾರಿಹೋಗುವುದೇ ಆ ‘ಲಕ್ಷಗಳಲ್ಲಿ’. ನಮ್ಮವರು 186.00 ನೋಡಿ ತಾವಾಗಿಯೇ ಲಕ್ಷ ಸೇರಿಸಿಕೊಳ್ಳುತ್ತಾರೆ. ಹೊರದೇಶದ ಕಂಪನಿಯ ಲೆಕ್ಕದವರು ಸೇರಿಸಿಕೊಳ್ಳುವುದಿಲ್ಲ. ಅವರಿಗೆ 1,86,000 ಅನ್ನುವ ಅಲ್ಪವಿರಾಮದ ಜಾಗವೂ ವಿಚಿತ್ರ, ಟೈಪಿಂಗ್ ತಪ್ಪು ಅಂತ ತಾವೇ ಸರಿಮಾಡಲು ಹೋಗುತ್ತಾರೆ. ಅದಕ್ಕೆ ನಾನು ಅಳತೆಯನ್ನು ತಲೆಬರಹಕ್ಕೆ ಬಿಡದೆ ಪ್ರತಿ ಮೊತ್ತದ ಪಕ್ಕದಲ್ಲೇ ಬರೆಯುತ್ತೇನೆ, ಒಂದು ಸಲ ಅಕ್ಷರದಲ್ಲೂ ಬರೆಯುತ್ತೇನೆ, ‘ಒಂದು ಕೋಟಿ ಎಂಬತ್ತಾರು ಲಕ್ಷ, ಅಂದರೆ 18.6 ಮಿಲಿಯನ್’ ಅಂತ. ಉದ್ದವಾಗುತ್ತೆ. ಆಗಲಿ.

ಇನ್ನು ಅರ್ಹತೆ. ಷರತ್ತು ಹೀಗಿತ್ತು: ‘ಗುತ್ತಿಗೆದಾರರು ಕಳೆದ 5 ಆರ್ಥಿಕ ವರ್ಷಗಳಲ್ಲಿ ಕನಿಷ್ಠ 2 ವರ್ಷಗಳ ವಹಿವಾಟು ರೂ. 120.00 ಲಕ್ಷ ಹೊಂದಿರತಕ್ಕದ್ದು.’

ಇದನ್ನು ಎರಡು ಸಲ ಓದಿ. ಎರಡು ವರ್ಷದಲ್ಲಿ ತಲಾ 120 ಲಕ್ಷವೇ? ಅಥವಾ ಎರಡೂ ವರ್ಷ ಸೇರಿ 120 ಲಕ್ಷವೇ? ‘ತಲಾ’ ಅನ್ನುವ ಪುಟ್ಟ ಪದ ಇಲ್ಲ. ಒಬ್ಬ ಗುತ್ತಿಗೆದಾರರಿಗೆ ಒಂದು ವರ್ಷ 70 ಲಕ್ಷ, ಇನ್ನೊಂದು ವರ್ಷ 65 ಲಕ್ಷ ವಹಿವಾಟು ಆಗಿದೆ, ಉಳಿದ ವರ್ಷ ಅದಕ್ಕಿಂತ ಕಡಿಮೆ ಅಂತ ಇಟ್ಟುಕೊಳ್ಳಿ. ಎರಡೂ ಸೇರಿದರೆ 135, ಪಾಸು. ತಲಾ ಅಂದರೆ ಎರಡೂ ವರ್ಷ ಫೇಲು. ನಾನು ಮೊದಲ ಕರಡಿನಲ್ಲಿ ಬರೆದದ್ದು ‘ಟರ್ನೋವರ್ ಆಫ್ ಟು ಇಯರ್ಸ್’ ಅಂತ. ಓದಿದ ಯಾರಾದರೂ ಅದನ್ನು ಒಟ್ಟು ಅಂತಲೇ ತಿಳಿಯುತ್ತಾರೆ. ಅಂದರೆ ಕನ್ನಡದಲ್ಲಿ ಎರಡು ಕಡೆ ವಾಲುತ್ತಿದ್ದ ವಾಕ್ಯವನ್ನು ನಾನು ಗೊತ್ತಿಲ್ಲದೇ ಒಂದು ಕಡೆ ಬೀಳಿಸಿಬಿಟ್ಟಿದ್ದೆ.

ಇಲ್ಲಿ ಒಂದು ವಿಷಯ ಹೇಳಬೇಕು, ನನಗೆ ಇದು ಹೊಳೆಯಲು ಎರಡು ವರ್ಷ ಬೇಕಾಯಿತು. ಈ ಷರತ್ತುಗಳು ಕನ್ನಡದಲ್ಲಿ ಹುಟ್ಟಿದವಲ್ಲ. ಕರ್ನಾಟಕದಲ್ಲಿ ಕಾಮಗಾರಿಗಳಿಗೆ ಕೆಡಬ್ಲ್ಯೂ ಸರಣಿಯ ಮಾದರಿ ಟೆಂಡರ್ ದಾಖಲೆಗಳಿವೆ, ಪಾರದರ್ಶಕತೆ ಕಾಯ್ದೆ, ಅಂದರೆ 1999ರ ಕೆಟಿಪಿಪಿ ಕಾಯ್ದೆ ಬಂದ ಮೇಲೆ ಬಳಕೆಗೆ ಬಂದವು. ಕೆಡಬ್ಲ್ಯೂ-4 ತೆಗೆದರೆ ಈ ವಹಿವಾಟಿನ ಷರತ್ತು, ಇದೇ ತರಹದ ಕಾಮಗಾರಿ ಮಾಡಿರಬೇಕು ಅನ್ನುವ ಷರತ್ತು, ಎಲ್ಲ ಇಂಗ್ಲಿಷಿನಲ್ಲೇ ಇವೆ. ಕಚೇರಿಯಲ್ಲಿ ಯಾರೋ ಅದನ್ನು ಕನ್ನಡಕ್ಕೆ ಇಳಿಸಿ, ಪತ್ರಿಕೆಯ ಜಾಗಕ್ಕೆ ತಕ್ಕಂತೆ ಕತ್ತರಿಸಿ, ಪ್ರಕಟಣೆ ಮಾಡಿರುತ್ತಾರೆ. ನಾವು ಕೂತು ಅದನ್ನು ವಾಪಸ್ ಇಂಗ್ಲಿಷಿಗೆ ತರುತ್ತಿದ್ದೇವೆ. ತೌರಿಗೆ ಹೊರಟವಳಿಗೆ ದಾರಿ ಹೇಳಿಕೊಟ್ಟ ಹಾಗೆ. ಆದ್ದರಿಂದ ಮೊದಲ ಕೆಲಸ ನಿಘಂಟು ತೆಗೆಯುವುದಲ್ಲ. ಸರ್ಕಾರಿ ಟೆಂಡರ್‌ಗಳ ಕೆಪಿಪಿಪಿ ಪೋರ್ಟಲ್‌ನಲ್ಲಿ ಅದೇ ಟೆಂಡರ್ ನಂಬರಿನ ಪೂರ್ತಿ ದಾಖಲೆ ಇಳಿಸಿಕೊಂಡು, ಪ್ರಕಟಣೆಯ ಒಂದೊಂದು ಸಾಲೂ ಅದರ ಯಾವ ಕಲಮಿನಿಂದ ಬಂದಿದೆ ಅಂತ ಪೆನ್ಸಿಲಿನಲ್ಲಿ ಗುರುತು ಹಾಕುವುದು.

ವಹಿವಾಟಿನ ಕಲಮು ಅಲ್ಲಿ ಸಿಕ್ಕಿತು. ‘ಅಚೀವ್ಡ್ ಇನ್ ಅಟ್ ಲೀಸ್ಟ್ ಟು ಫೈನಾನ್ಷಿಯಲ್ ಇಯರ್ಸ್’ ಅಂತ ಇದೆ, ಅಂದರೆ ಕನಿಷ್ಠ ಎರಡು ವರ್ಷ ಆ ಮೊತ್ತ ಮುಟ್ಟಿರಬೇಕು. ತಲಾ ಅನ್ನುವುದೇ ಸರಿ. ನಾನು ಆ ಪದಗಳನ್ನೇ ಎತ್ತಿಟ್ಟೆ. ನನ್ನ ಇಂಗ್ಲಿಷ್ ಅದಕ್ಕಿಂತ ಚೆನ್ನಾಗಿರಬಹುದು, ಆದರೆ ಜಗಳ ಬಂದಾಗ ತೆಗೆದು ಓದುವುದು ಆ ದಾಖಲೆಯನ್ನು.

ಹಾಗಂತ ದಾಖಲೆ ಸಿಕ್ಕಿತು, ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಮುಂದಿನ ಷರತ್ತು ನೋಡಿ. ಪ್ರಕಟಣೆಯಲ್ಲಿ: ‘ಇದೇ ತರಹದ ಕನಿಷ್ಠ ಒಂದು ಕಾಮಗಾರಿಯನ್ನು ಸ್ವಂತ ಹೆಸರಿನಲ್ಲಿ ಪೂರ್ಣಗೊಳಿಸಿರತಕ್ಕದ್ದು.’ ದಾಖಲೆಯಲ್ಲಿ ಇದೇ ಕಲಮು, ಆದರೆ ಗುತ್ತಿಗೆ ಮೊತ್ತದ ಶೇ. 90ರಷ್ಟಾದರೂ ಮುಗಿದಿದ್ದರೆ ಸಾಕು ಅನ್ನುವ ಮಾತು ಕಂಸದೊಳಗೆ ಇದೆ. ಪತ್ರಿಕೆಗೆ ಕತ್ತರಿಸುವಾಗ ಕಂಸ ಬಿದ್ದುಹೋಗಿದೆ. ಈಗ ಕನ್ನಡ ಓದಿದವನಿಗೆ ಪೂರ್ತಿ ಮುಗಿದಿರಬೇಕು, ಇಂಗ್ಲಿಷ್ ದಾಖಲೆ ಓದಿದವನಿಗೆ ಹತ್ತರಲ್ಲಿ ಒಂಬತ್ತು ಭಾಗ ಆಗಿದ್ದರೆ ಸಾಕು. ನಾನು ಯಾವುದನ್ನು ಬರೆಯಲಿ?

ನಮ್ಮ ಅಂಗಡಿಯ ಹುಡುಗ ಹೇಳಿದ, ‘ಅಕ್ಕ, ದಾಖಲೆ ಇಂಗ್ಲಿಷಲ್ಲೇ ಇದೆಯಲ್ಲ, ಅದನ್ನೇ ಹಾಕಿಬಿಡಿ, ಇನ್ನೂ ಒಳ್ಳೇದೇ ಆಯ್ತಲ್ವಾ?’

ಆಗಲಿಲ್ಲ. ಸುಮ್ನೆ ಸರಿಮಾಡಿಬಿಟ್ಟರೆ ಏನಾಗುತ್ತೆ ನೋಡಿ. ಕಣ್ಣೂರಿನಲ್ಲೋ ಕೊಯಮತ್ತೂರಿನಲ್ಲೋ ಕೂತು ನನ್ನ ಇಂಗ್ಲಿಷ್ ಓದಿದವರಿಗೆ ಒಂದು ಬಾಗಿಲು ತೆರೆದಿರುತ್ತದೆ. ಸೋಮವಾರಪೇಟೆಯಲ್ಲಿ ಪತ್ರಿಕೆಯಲ್ಲಿ ಕನ್ನಡ ಓದಿದವರಿಗೆ ಅದೇ ಬಾಗಿಲು ಮುಚ್ಚಿರುತ್ತದೆ, ಅವರ ಕೈಯಲ್ಲಿ ಶೇ. 92 ಮುಗಿದ ಕೆಲಸ ಇದ್ದರೂ ಅವರು ಟೆಂಡರ್ ಹಾಕುವುದೇ ಇಲ್ಲ. ಒಂದೇ ಕಾಮಗಾರಿಗೆ ಎರಡು ಟೆಂಡರ್ ಕರೆದ ಹಾಗಾಯಿತು. ಅದನ್ನು ಮಾಡಿದ್ದು ಕಚೇರಿಯಲ್ಲ, ನಾನು. ಪ್ರಕಟಣೆಯಲ್ಲಿ ಮಬ್ಬು ಇದ್ದರೆ ಅದನ್ನು ತೆಗೆಯುವ ಹಕ್ಕು ಟೆಂಡರ್ ಕರೆದವರಿಗೆ ಮಾತ್ರ ಇದೆ, ತೆಗೆದರೂ ಎಲ್ಲರಿಗೂ ಒಟ್ಟಿಗೆ ಕಾಣುವಂತೆ ತೆಗೆಯಬೇಕು. ಅದಕ್ಕೊಂದು ದಾರಿಯೂ ಇದೆ. ಸ್ಪಷ್ಟೀಕರಣ ಕೇಳಲು ಕೊನೆಯ ದಿನಾಂಕ ಅಂತ ಪ್ರಕಟಣೆಯಲ್ಲೇ ಇರುತ್ತೆ. ಅದರೊಳಗೆ ಬರವಣಿಗೆಯಲ್ಲಿ ಕೇಳಿದರೆ, ಉತ್ತರ ತಿದ್ದೋಲೆಯಾಗಿ ಪೋರ್ಟಲ್‌ನಲ್ಲಿ ಬರುತ್ತದೆ. ಅಂದಹಾಗೆ, ತಿದ್ದೋಲೆ ಅಂದರೆ ‘ಕೊರಿಜೆಂಡಮ್’. ತಿದ್ದುಪಡಿ ಬೇರೆ, ಅದು ‘ಅಮೆಂಡ್‌ಮೆಂಟ್’. ಕೆಲವರು ಎರಡಕ್ಕೂ ‘ಕರೆಕ್ಷನ್’ ಅಂತ ಬರೆಯುತ್ತಾರೆ, ಹಾಗೆ ಬರೆದರೆ ಪೋರ್ಟಲ್‌ನಲ್ಲಿ ಅದನ್ನು ಹುಡುಕುವವರಿಗೆ ಸಿಗುವುದಿಲ್ಲ.

ನನ್ನ ಪ್ರಶ್ನೆಗಳ ಪಟ್ಟಿ ಶುರುವಾದದ್ದು ಅಲ್ಲಿಂದ. ಅದರಲ್ಲಿ ಎರಡನೆಯದು ಮಳೆಗಾಲ.

‘ಕಾಮಗಾರಿ ಪೂರ್ಣಗೊಳಿಸುವ ಅವಧಿ: 6 ತಿಂಗಳು, ಮಳೆಗಾಲ ಹೊರತುಪಡಿಸಿ.’ ಮೊದಲು ಲೆಕ್ಕ ಹಾಕಿ. ಜನವರಿ 15ಕ್ಕೆ ಕಾರ್ಯಾದೇಶ ಸಿಕ್ಕಿತು ಅಂದುಕೊಳ್ಳೋಣ. ಮಳೆಗಾಲ ಸೇರಿಸಿದರೆ ಜುಲೈ 15ಕ್ಕೆ ಮುಗಿಸಬೇಕು. ಜುಲೈ 15ಕ್ಕೆ ನಮ್ಮೂರಲ್ಲಿ ತಡೆಗೋಡೆ! ಬುನಾದಿಯಲ್ಲಿ ನೀರು ಮೇಲೆತ್ತುತ್ತಾ, ಟಾರ್ಪಾಲ್ ಕೆಳಗೆ ಕಾಂಕ್ರೀಟ್ ಹಾಕುತ್ತಾ ಯಾವ ದರಕ್ಕೆ ಆಗುತ್ತೆ ಹೇಳಿ. ಜೂನ್‌ನಿಂದ ಸೆಪ್ಟೆಂಬರ್ ಬಿಟ್ಟು ಎಣಿಸಿದರೆ ಮೇ ಕೊನೆಗೆ ನಾಲ್ಕೂವರೆ ತಿಂಗಳು, ಅಕ್ಟೋಬರ್ 1ರಿಂದ ಇನ್ನೂ ಒಂದೂವರೆ, ನವೆಂಬರ್ 15ರವರೆಗೆ ಸಮಯ ಇದೆ. ಎರಡಕ್ಕೂ ನಾಲ್ಕು ತಿಂಗಳ ವ್ಯತ್ಯಾಸ. ಆ ಎರಡು ಪದ ಬಿಟ್ಟುಹೋದರೆ ಹೊರಗಿನವರು ಸುಮ್ಮನೆ ಜಾಸ್ತಿ ದರ ಹಾಕಿ ಟೆಂಡರ್ ಕಳೆದುಕೊಳ್ಳುತ್ತಾರೆ. ‘ಸೇರಿ’ ಇದ್ದದ್ದನ್ನು ‘ಹೊರತುಪಡಿಸಿ’ ಅಂತ ತಿರುಗಿಸಿ ಬರೆದರೆ ಕಡಿಮೆ ದರ ಹಾಕಿ ಗೆದ್ದು, ಆಮೇಲೆ ವಿಳಂಬದ ದಂಡ ಕಟ್ಟುತ್ತಾರೆ.

ಆದರೆ ಪದ ಬಿಡದೆ ‘ಎಕ್ಸ್‌ಕ್ಲೂಡಿಂಗ್ ಮಾನ್ಸೂನ್’ ಅಂತ ಸರಿಯಾಗಿಯೇ ಬರೆದೆ ಅನ್ನಿ. ಆಗಲೂ ಮುಗಿಯಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಅಂದದ್ದು ನಾನು, ಪ್ರಕಟಣೆಯಲ್ಲ. ಅಲ್ಲಿ ತಿಂಗಳ ಹೆಸರೇ ಇರಲಿಲ್ಲ. ಕೊಡಗಿನಲ್ಲಿ ಕೂತವರಿಗೆ ಇದು ಪ್ರಶ್ನೆಯೇ ಅಲ್ಲ. ಕಚೇರಿಗೆ ಫೋನ್ ಮಾಡಿದಾಗ ಅಲ್ಲಿಯ ಗುಮಾಸ್ತರು ನಕ್ಕರು, ‘ಮೇಡಂ, ಮಳೆಗಾಲ ಯಾವಾಗ ಅಂತ ನಿಮಗೆ ಗೊತ್ತಿಲ್ವಾ?’ ಅಂತ. ನನಗೆ ಗೊತ್ತು ಸರ್, ಕೊಯಮತ್ತೂರಿನವರಿಗೆ ಗೊತ್ತಿಲ್ಲ ಅಂದೆ. ತಮಿಳುನಾಡಿನ ಬಹುಪಾಲು ಕಡೆ ಜೋರು ಮಳೆ ಬರುವುದು ಈಶಾನ್ಯ ಮಾರುತದಲ್ಲಿ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಅಲ್ಲಿಯ ಗುತ್ತಿಗೆದಾರ ‘ಮಾನ್ಸೂನ್’ ಅಂತ ಓದಿ ತನ್ನ ಮಳೆಗಾಲವನ್ನು ಕಳೆದರೆ ಅವನ ವೇಳಾಪಟ್ಟಿಯಲ್ಲಿ ಜೂನ್, ಜುಲೈ ಎರಡೂ ಕೆಲಸದ ತಿಂಗಳು! ಗುಮಾಸ್ತರು ಒಂದು ನಿಮಿಷ ಸುಮ್ಮನಾದರು. ಆಮೇಲೆ ‘ಬರೆದು ಕಳಿಸಿ, ಸಾಹೇಬರಿಗೆ ಇಡ್ತೀನಿ’ ಅಂದರು. ಈ ಪ್ರಶ್ನೆ ಕೇಳಿದ್ದಕ್ಕೆ ಊರಿನ ಗುತ್ತಿಗೆದಾರರಿಗೂ ಉಪಕಾರ ಆಯಿತು. ಅಕ್ಟೋಬರ್ ಮಳೆಯನ್ನು ಯಾರ ಲೆಕ್ಕಕ್ಕೆ ಹಾಕುವುದು ಅನ್ನುವುದು ಅವರಿಗೂ ಗೊತ್ತಿರಲಿಲ್ಲ.

ಈಗ ದಿನಾಂಕ. ಇದು ಚಿಕ್ಕದು ಅನಿಸುತ್ತೆ, ಜಾಸ್ತಿ ಪೆಟ್ಟು ಬೀಳುವುದು ಇಲ್ಲೇ. ಸ್ಪಷ್ಟೀಕರಣಕ್ಕೆ ‘05-12ರೊಳಗೆ’, ಟೆಂಡರ್ ಸಲ್ಲಿಸಲು ‘11-12ರ ಸಂಜೆ 4.00ರವರೆಗೆ’, ತಾಂತ್ರಿಕ ಲಕೋಟೆ ತೆರೆಯುವುದು ‘14-12’. ನಾನು ಕೋಷ್ಟಕವನ್ನು ಎಕ್ಸೆಲ್‌ನಲ್ಲಿ ಮಾಡುತ್ತಿದ್ದೆ, ಆ ಕಂಪ್ಯೂಟರಿನಲ್ಲಿ ಅಮೆರಿಕದ ಸೆಟ್ಟಿಂಗ್ ಇತ್ತು. ವರ್ಷ ಸೇರಿಸಿ ದಿನಾಂಕ ಹೊಡೆದೆ. ಮೊದಲನೆಯದು ಮೇ 12 ಆಯಿತು, ಎರಡನೆಯದು ನವೆಂಬರ್ 12 ಆಯಿತು, ಮೂರನೆಯದು ಹಾಗೇ ಉಳಿಯಿತು, ಯಾಕೆಂದರೆ ಹದಿನಾಲ್ಕನೇ ತಿಂಗಳು ಅಂತ ಇಲ್ಲವಲ್ಲ. ಕಣ್ಣಿಗೆ ಕಾಣುವಾಗ ಮೂರೂ ಹೆಚ್ಚುಕಡಿಮೆ ಒಂದೇ ತರಹ. ಗೊತ್ತಾಗುವುದು ಹೇಗೆ ಅಂದರೆ, ದಿನಾಂಕ ಅಂತ ಒಪ್ಪಿಕೊಂಡದ್ದು ಕೋಶದ ಬಲಕ್ಕೆ ಸರಿಯುತ್ತದೆ, ಒಪ್ಪದೆ ಬರೀ ಅಕ್ಷರ ಅಂತ ಉಳಿದದ್ದು ಎಡಕ್ಕೇ ನಿಲ್ಲುತ್ತದೆ. ಒಂದೇ ಕಾಲಂನಲ್ಲಿ ಎರಡು ಬಲಕ್ಕೆ, ಒಂದು ಎಡಕ್ಕೆ ಇದ್ದರೆ ಅಲ್ಲೇ ನಿಲ್ಲಿ. ಅಂದಿನಿಂದ ನಾನು ತಿಂಗಳನ್ನು ಅಂಕಿಯಲ್ಲಿ ಬರೆಯುವುದೇ ಇಲ್ಲ. ಡಿಸೆಂಬರ್ ಅಂತ ಪೂರ್ತಿ ಬರೆದು, ಪಕ್ಕಕ್ಕೆ ವಾರದ ಹೆಸರು ಹಾಕುತ್ತೇನೆ. ಸಂಜೆ 4 ಅನ್ನುವುದನ್ನು 16.00 ಅಂತಲೂ, ಭಾರತೀಯ ಕಾಲಮಾನ ಅಂತಲೂ ಬರೆಯುತ್ತೇನೆ.

‘ಒಳಗೆ’ ಅನ್ನುವುದಕ್ಕೆ ಬರೋಣ. ‘ಐದರೊಳಗೆ ಕೊಡಿ’ ಅಂದರೆ ನಮ್ಮ ಮಾತಿನಲ್ಲಿ ಐದನೇ ತಾರೀಕೂ ಸೇರಿದೆ. ಇಂಗ್ಲಿಷಿನಲ್ಲಿ ‘ಬಿಫೋರ್’ ಅಂತ ಬರೆದರೆ ನಾಲ್ಕಕ್ಕೇ ಮುಗಿಯಿತು. ‘ಆನ್ ಆರ್ ಬಿಫೋರ್’ ಅಂತಲೇ ಬರೆಯಬೇಕು. ‘ಪ್ರಕಟಣೆಯಾದ 7 ದಿನದೊಳಗೆ’ ಅಂತ ಬಂದರೆ ಇನ್ನೂ ಕಷ್ಟ. ಪತ್ರಿಕೆಯಲ್ಲಿ ಒಂದು ದಿನ ಬಂದಿರುತ್ತದೆ, ಪೋರ್ಟಲ್‌ನಲ್ಲಿ ಇನ್ನೊಂದು ದಿನ. ಯಾವುದರಿಂದ ಎಣಿಸುವುದು? ಇದನ್ನೂ ಕೇಳಲೇಬೇಕು, ಊಹಿಸಿ ತಾರೀಕು ಹಾಕಬಾರದು.

ಇನ್ನೊಂದು ಸಾಲು ಇರುತ್ತೆ, ‘ಸದರಿ ದಿನ ರಜೆ ಘೋಷಣೆಯಾದಲ್ಲಿ ಮುಂದಿನ ಕೆಲಸದ ದಿನ’ ಅಂತ. ಸದರಿ ದಿನ ಯಾವುದು ಅಂತ ಮೇಲೆ ಹುಡುಕಿ. ನಮ್ಮ ಪ್ರಕಟಣೆಯಲ್ಲಿ ಅದು ಲಕೋಟೆ ತೆರೆಯುವ ದಿನದ ಕೆಳಗೆ ಇತ್ತು, ಅಂದರೆ ತೆರೆಯುವುದು ಮಾತ್ರ ಮುಂದೆ ಹೋಗುತ್ತದೆ. ಸಲ್ಲಿಸುವುದು ಪೋರ್ಟಲ್‌ನಲ್ಲಿ, ಪೋರ್ಟಲ್‌ಗೆ ರಜೆ ಇಲ್ಲ, ಸರ್ವರ್ ಗಡಿಯಾರ ನಾಲ್ಕು ಹೊಡೆದರೆ ಬಾಗಿಲು ಬಿತ್ತು. ‘ಸದರಿ ದಿನ’ವನ್ನು ‘ದ ಸೆಡ್ ಡೇಟ್’ ಅಂತ ಬರೆದು ಕೋಷ್ಟಕದ ಕೆಳಗೆ ತಂದಿಟ್ಟರೆ ಮೂರೂ ದಿನಾಂಕಕ್ಕೆ ಅಂಟಿಕೊಳ್ಳುತ್ತದೆ. ನಾನು ‘ತೆರೆಯುವ ದಿನ’ ಅಂತ ಹೆಸರು ಹಿಡಿದೇ ಬರೆದೆ.

ಒಂದು ತಪ್ಪನ್ನು ಒಪ್ಪಿಕೊಂಡು ಮುಂದೆ ಹೋಗುತ್ತೇನೆ. ಇದು ಬೇರೆ ಪ್ರಕಟಣೆ, ಸಣ್ಣ ಸಣ್ಣ ಕಾಮಗಾರಿಗಳ ಪಟ್ಟಿ. ಮೀಸಲಾತಿ ಕಾಲಂನಲ್ಲಿ ಸಾಮಾನ್ಯ, ಪ.ಜಾ., ಪ.ಪಂ., ಪ್ರವರ್ಗ-1 ಅಂತ ಇತ್ತು. ನಮ್ಮ ಅಂಗಡಿಯಲ್ಲಿ ಪ್ರವರ್ಗ-1 ಅನ್ನು ‘ಕ್ಲಾಸ್ ಒನ್’ ಅಂತ ಹಾಕಿದೆವು. ನಾನೇ ಪ್ರೂಫ್ ನೋಡಿದ್ದೆ, ಕಣ್ಣಿಗೆ ಬೀಳಲಿಲ್ಲ. ಕ್ಲಾಸ್ ಒನ್ ಅಂದರೆ ಲೋಕೋಪಯೋಗಿ ಇಲಾಖೆಯಲ್ಲಿ ನೋಂದಣಿಯಾದ ಮೊದಲ ದರ್ಜೆ ಗುತ್ತಿಗೆದಾರ. ಪ್ರವರ್ಗ-1 ಅಂದರೆ ಹಿಂದುಳಿದ ವರ್ಗಗಳ ಪಟ್ಟಿಯ ಒಂದು ವಿಭಾಗ, ‘ಕೆಟಗರಿ ಒನ್’. ಗಡಿಯಾಚೆಯ ಒಬ್ಬರು ತಾವು ಕ್ಲಾಸ್ ಒನ್ ತಾನೇ ಅಂತ ತಯಾರಿ ಮಾಡಿ, ಡಿಜಿಟಲ್ ಸಹಿ ಮಾಡಿಸಿ, ಮಾಕುಟ್ಟ ಘಾಟಿ ಹತ್ತಿಕೊಂಡು ಸ್ಥಳ ನೋಡಲೂ ಬಂದರು. ಅವರಿಗೆ ನಾನೇ ಎದುರು ಕೂತು ವಿಷಯ ಹೇಳಬೇಕಾಯಿತು. ಚಹಾ ಕುಡಿದು ಹೋದರು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕೊನೆಗೆ ಒಬ್ಬರು ಕೇಳಿದರು: ಕಚೇರಿಯವರು ಉತ್ತರವೇ ಕೊಡದಿದ್ದರೆ ಏನು ಮಾಡುತ್ತೀರಿ? ಆಗುತ್ತೆ, ಎಷ್ಟೋ ಸಲ ಆಗಿದೆ. ಆಗ ಮಬ್ಬನ್ನು ಮಬ್ಬಾಗಿಯೇ ಬಿಡುತ್ತೇನೆ. ಇಂಗ್ಲಿಷ್ ವಾಕ್ಯವೂ ಎರಡು ಕಡೆ ವಾಲುವಂತೆ ಬರೆದು, ಕೆಳಗೆ ಅನುವಾದಕರ ಟಿಪ್ಪಣಿ ಅಂತ ಗುರುತು ಹಾಕಿ, ‘ಮೂಲದಲ್ಲಿ ಇಷ್ಟೇ ಇದೆ, ಎರಡು ಅರ್ಥ ಬರುತ್ತದೆ, ಸ್ಪಷ್ಟೀಕರಣ ಕೇಳಲಾಗಿದೆ’ ಅಂತ ಬರೆದು ಕನ್ನಡದ ಆ ನಾಲ್ಕು ಪದಗಳನ್ನು ಪಕ್ಕದಲ್ಲೇ ಇಡುತ್ತೇನೆ. ಅನುವಾದದ ತಲೆಯಲ್ಲಿ, ವ್ಯತ್ಯಾಸ ಬಂದರೆ ಕನ್ನಡ ಪ್ರಕಟಣೆಯೇ ಅಂತಿಮ ಅನ್ನುವ ಸಾಲು ಹಾಕಬಹುದಾ ಅಂತ ಕಚೇರಿಯನ್ನು ಕೇಳಿ ಹಾಕುತ್ತೇನೆ, ನಾನಾಗಿ ಹಾಕುವುದಿಲ್ಲ. ಯಾವುದು ಅಂತಿಮ ಅಂತ ಹೇಳುವವರೂ ಅವರೇ.

ತಡೆಗೋಡೆಯ ವಿಷಯದಲ್ಲಿ ಉತ್ತರ ಬಂತು. ತಿದ್ದೋಲೆಯಲ್ಲಿ ಶೇ. 90 ವಾಪಸ್ ಬಂದಿತ್ತು, ಮಳೆಗಾಲ ಅಂದರೆ ಜೂನ್ 1ರಿಂದ ಸೆಪ್ಟೆಂಬರ್ 30 ಅಂತ ಬರೆದಿತ್ತು. ಪ್ರಕಟಣೆ ತಿದ್ದಿದ್ದರಿಂದ ಟೆಂಡರ್ ಸಲ್ಲಿಸುವ ದಿನವನ್ನೂ ಮುಂದೂಡಿದ್ದರು. ಹೊಸ ದಿನಾಂಕ ‘12-21’ ಅಂತ ಅಚ್ಚಾಗಿತ್ತು. ಮತ್ತೆ ಫೋನ್ ಎತ್ತಿದೆ.